ಮಲಗಿಸುವ ಸಿರಪ್, ಎಬ್ಬಿಸದ ಡಾಕ್ಟರು

ಮಕ್ಕಳ ಹೃದಯದ ಸ್ಕ್ಯಾನ್ ಕೋಣೆಯಲ್ಲಿ ದೊಡ್ಡ ಡಾಕ್ಟರದೇ ದರ್ಬಾರು. ಮಗು ಅಲುಗಾಡಿದರೆ ಚಿತ್ರ ಕೆಡುತ್ತದೆ. ಅದಕ್ಕೇ ಅಳುವವರಿಗೆಲ್ಲ ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆಯ ಸಿರಪ್. ಬೇರೆಡೆ ಅದನ್ನು ಬಿಡುತ್ತ ಬಂದಿದ್ದರೂ ಇವರು ಔಷಧ ವಿಭಾಗದವರ ಬೆನ್ನುಬಿದ್ದು ಮಾಡಿಸಿಕೊಳ್ಳುತ್ತಿದ್ದರು.

"ಮೂವತ್ತು ವರ್ಷದಿಂದ ಕೊಡ್ತಿದೀನಿ. ಒಂದು ಮಗೂನೂ ದೂರು ಹೇಳಿಲ್ಲ."

"ಮಾತು ಬರೋ ಮಕ್ಕಳಾದ್ರೆ ತಾನೇ ಹೇಳೋದು" ಎಂದು ನರ್ಸಕ್ಕ ಗೊಣಗಿದ್ದು ಅವರ ಕಿವಿಗೆ ಬೀಳಲಿಲ್ಲ.

ಅಂದು ಅಜ್ಜಿಯ ಸೊಂಟದ ಮೇಲೆ ಒಂದೂವರೆ ವರ್ಷದ ಹುಡುಗಿ ಬಂದಳು. ಸಿರಪ್ ನಾಲಿಗೆಗೆ ತಾಗಿದ್ದೇ ತಡ, ಆ ಕಹಿಗೆ ಮುಖ ಕಿವಿಚಿ ಡಾಕ್ಟರ ಟೈ ಮೇಲೆ ಉಗುಳಿದಳು.

"ಅರ್ಧ ಒಳಗೆ ಹೋಗಿದೆ" ಎಂದರು ಡಾಕ್ಟರು.

"ಒಂದು ಹನೀನೂ ಹೋಗಿಲ್ಲ" ಎಂದಳು ಅಜ್ಜಿ.

"ಎಷ್ಟು ಹೋಗಿದೆ ಅಂತ ಯಾರಿಗೂ ಗೊತ್ತಿಲ್ಲ, ಸಾರ್. ಮತ್ತೆ ಕೊಡೋದು ಬೇಡ" ಎಂದಳು ನರ್ಸಕ್ಕ.

ಡಾಕ್ಟರು ತಾವೇ ಮತ್ತೆ ಕುಡಿಸಿದರು. ಮುಕ್ಕಾಲು ಗಂಟೆ ಮಗು ಮಲಗುವ ಬದಲು ರಂಪ ಮಾಡಿ, ಎದೆಗೆ ಅಂಟಿಸಿದ್ದ ವೈರು ಕಿತ್ತು, ಡಾಕ್ಟರ ಬೆರಳು ಕಚ್ಚಿತು. ಆಮೇಲೆ ಕೊರಡಿನಂತೆ ಮಲಗಿತು. ಚಿತ್ರ ಚೆನ್ನಾಗಿಯೇ ಬಂತು.

"ಮನೆಗೆ ಕರ್ಕೊಂಡು ಹೋಗಿ. ತಾನಾಗೇ ಏಳ್ತಾಳೆ" ಎಂದು ಡಾಕ್ಟರು ಬೀಗುತ್ತ ಹೊರಟರು.

ನರ್ಸಕ್ಕನಿಗೆ ಮನಸ್ಸು ಒಪ್ಪಲಿಲ್ಲ. ಅಜ್ಜಿ ಗಾಲಿಗಾಡಿಯಲ್ಲಿ ಕೂರಿಸಿ ತಳ್ಳುತ್ತಿದ್ದ ಮಗುವಿನ ಪಕ್ಕದಲ್ಲೇ ಆಸ್ಪತ್ರೆಯ ಬಾಗಿಲವರೆಗೂ ನಡೆದಳು. ಅಲ್ಲಿ ಮಗುವಿನ ತಲೆ ಎದೆಯ ಮೇಲೆ ವಾಲಿತು. ಗೊರಕೆ ನಿಂತಿತು. ತುಟಿ ನೀಲಿಯಾಯಿತು. ನರ್ಸಕ್ಕ ಎತ್ತಿ ನೆಲದ ಮೇಲೆ ಮಲಗಿಸಿ ಗದ್ದ ಮೇಲೆತ್ತಿದಳು, ಉಸಿರು ಬಂತು. ಅವಳ ಕೂಗಿಗೆ ಅರಿವಳಿಕೆಯ ಡಾಕ್ಟರಮ್ಮ ಆಮ್ಲಜನಕ ಹಿಡಿದು ಓಡಿ ಬಂದರು. ಹಿಂದೆಯೇ ದೊಡ್ಡ ಡಾಕ್ಟರೂ.

"ಎಚ್ಚರ ಆಗೋ ಮದ್ದು ಕೊಡ್ರಮ್ಮ!" ಅಜ್ಜಿ ಡಾಕ್ಟರಮ್ಮನ ತೋಳು ಹಿಡಿದಳು.

"ಇದಕ್ಕೆ ಮಾರುಮದ್ದಿಲ್ಲ, ಅಜ್ಜಿ. ಒಳಗೆ ಹೋಗಿ ಬೇರೆ ರೂಪ ತಾಳಿ ಗಂಟೆಗಟ್ಟಲೆ ಇರುತ್ತೆ; ಮಗು ಚಿಕ್ಕದಾದಷ್ಟೂ ಹೆಚ್ಚು ಹೊತ್ತು. ಉಸಿರು ನೋಡ್ಕೊಂಡು ಕಾಯ್ಬೇಕು, ಅಷ್ಟೇ" ಎಂದರು ಡಾಕ್ಟರಮ್ಮ.

ಸಂಜೆಗೆ ಮಗು ಕಣ್ಣುಬಿಟ್ಟು ಹಾಲು ಕೇಳಿತು. ಅಜ್ಜಿ ಕಣ್ಣೊರೆಸಿಕೊಂಡು ದೊಡ್ಡ ಡಾಕ್ಟರತ್ತ ತಿರುಗಿದಳು. "ಮಲಗ್ಸೋಕೆ ಮಾತ್ರ ಬರುತ್ತೆ ನಿಮಗೆ. ಎಬ್ಸೋದು ಯಾರು ಸ್ವಾಮಿ?"

ಡಾಕ್ಟರು ಕಚ್ಚಿಸಿಕೊಂಡ ಬೆರಳು ಸವರುತ್ತ ಹೊರಟರು.

ಅವರ ಉತ್ತರ ಬಂದದ್ದು ಮುಂದಿನ ವಾರ, ಆಸ್ಪತ್ರೆಯ ಸಭೆಯಲ್ಲಿ. "ಈ ಹಳೇ ಸಿರಪ್‌ಗಳು ಬೇಡ ಅಂತ ನಾನು ಮೊದಲಿಂದ್ಲೂ ಹೇಳ್ತಿದ್ದೆ!" ಎಲ್ಲರೂ ಮೇಜು ನೋಡಿದರು. ನಿಯಮ ಬಂತು: ಎಳೆಗೂಸಿಗೆ ಹೊಟ್ಟೆ ತುಂಬ ಹಾಲು, ಬೆಚ್ಚನೆ ಬಟ್ಟೆ, ಮಂದ ಬೆಳಕು, ಸ್ವಲ್ಪ ದೊಡ್ಡ ಮಕ್ಕಳಿಗೆ ಕಾರ್ಟೂನು. ಮದ್ದು ಬೇಕೇಬೇಕಾದರೆ ಅಳತೆ ಹಿಡಿತದಲ್ಲಿರುವಂಥದ್ದು; ಅದೂ ಡಾಕ್ಟರಮ್ಮನ ಕೈಯಿಂದ, ಪೂರ್ತಿ ಎಚ್ಚರವಾಗುವವರೆಗೆ ಕಾವಲು.

ಒಂದು ದಿನ ದೊಡ್ಡ ಡಾಕ್ಟರು ಇದನ್ನೇ "ನನ್ನ ಪದ್ಧತಿ" ಎಂದು ತೋರಿಸಲು ಅತಿಥಿಗಳನ್ನು ಸ್ಕ್ಯಾನ್ ಕೋಣೆಗೆ ಕರೆತಂದು ಗಟ್ಟಿಯಾಗಿ ವಿವರಿಸತೊಡಗಿದರು. ಹಾಲು ಕುಡಿದು ಮಲಗಿದ್ದ ಮೂರು ತಿಂಗಳ ಕೂಸು ಮುಲುಗಿತು.

"ಶ್! ಹೊರಗೆ ಹೋಗಿ ಸಾರ್" ಎಂದಳು ನರ್ಸಕ್ಕ.

ದೊಡ್ಡ ಡಾಕ್ಟರು ತುದಿಗಾಲಲ್ಲಿ ಹೊರನಡೆದರು.