ಖಾಲಿ ತಿಂಗಳುಗಳ ಪುಟ

ಶಂಕರನಾರಾಯಣನಿಗೆ ನಲವತ್ನಾಲ್ಕನೇ ವಯಸ್ಸಿನಲ್ಲಿ ಹೆಸರು ಬಂತು. ಬರಲಿ ಬಿಡಿ, ಯಾರಪ್ಪನ ಗಂಟೇನು ಹೋಗಬೇಕು? ಇಪ್ಪತ್ತು ವರ್ಷ ಶಿವಮೊಗ್ಗದ ಆಡಿಟರ್ ಶ್ರೀನಿವಾಸಮೂರ್ತಿಯವರ ಕಚೇರಿಯಲ್ಲಿ ಕೂತು ಊರವರ ಲೆಕ್ಕ ನೋಡಿದ ಮನುಷ್ಯ, ಕೋಡಿಂಗ್ ಕಲಿತು ಅಲ್ಲೇ ವಿದ್ಯಾನಗರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಸೇರಿದ್ದ. ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ ಅದು. ಲೆಕ್ಕವೂ ಗೊತ್ತಿದ್ದು ಕೋಡೂ ಬರೆಯುವವನು ಅವರಿಗೂ ಬೇಕಾಗಿದ್ದ.

ಸೇರಿ ಆರು ತಿಂಗಳಾದ ಮೇಲೆ, ಕಂಪನಿಯ ಪ್ರಚಾರ ನೋಡಿಕೊಳ್ಳುವ ರಕ್ಷಾ ಅವನ ಮೇಜಿನ ಹತ್ತಿರ ಬಂದು ನಿಂತಳು.

"ಸರ್, ನಿಮ್ಮ ಕಥೇನ ಲಿಂಕ್ಡ್‌ಇನ್‌ಗೆ ಹಾಕೋಣ. ಕ್ಯಾರೊಸೆಲ್ ಮಾಡ್ತೀನಿ, ಹತ್ತು ಪುಟ. ಜನ ಬೆರಳಲ್ಲಿ ಸರಿಸ್ಕೊಂಡು ಓದ್ತಾರೆ. ಆರೇ ವಾರದಲ್ಲಿ ಕಲಿತೆ ಅಂತ ಬುರುಡೆ ಬಿಡೋರು ಬೇಕಾದಷ್ಟು ಜನ ಇದಾರೆ. ನಾವು ನಿಜ ಹಾಕೋಣ. ಎಲ್ಲಿ ಒದ್ದಾಡಿದ್ರಿ, ಎಷ್ಟು ತಿಂಗಳು ಹಿಡೀತು, ಎಲ್ಲ."

ನಿಜ ಎನ್ನುವ ಮಾತು ಕೇಳಿದ್ದೇ ಶಂಕರನಾರಾಯಣ ಉಬ್ಬಿಹೋದ. ಲೆಕ್ಕದವನಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮನೆಗೆ ಹೋಗಿ ತನ್ನ ನೋಟ್‌ಬುಕ್ ತೆಗೆದ. ಯಾವ ತಿಂಗಳು ಎಷ್ಟು ಗಂಟೆ ಓದಿದೆ ಎಂದು ಅದರಲ್ಲಿ ಒಂದೂ ಬಿಡದೆ ಬರೆದಿಟ್ಟಿದ್ದ. ತಿಂಗಳುಗಳನ್ನು ಎಣಿಸಿದ. ಹದಿನಾಲ್ಕು. ಇನ್ನೊಂದು ಸಲ ಎಣಿಸಿದ. ಹದಿನಾಲ್ಕೇ.

ಬುಧವಾರ ಪೋಸ್ಟ್ ಹೊರಬಿತ್ತು. ಮೊದಲ ಪುಟದಲ್ಲಿ "ಲೆಕ್ಕದಿಂದ ಕೋಡಿಂಗ್‌ಗೆ: ಹದಿನಾಲ್ಕು ತಿಂಗಳ ನಿಜವಾದ ಕಥೆ" ಎಂದು ದಪ್ಪ ಅಕ್ಷರ. ಬೆಳಗಿನ ಐದಕ್ಕೆ ಎದ್ದು ವಿಡಿಯೊ ಪಾಠ ನೋಡಿದ್ದು, ಮೊದಲ ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟಿಹೋಗಿದ್ದು, ಹೊಸ ಕೆಲಸದಲ್ಲಿ ಸಂಬಳ ಮೊದಲಿಗಿಂತ ಕಡಿಮೆಯಾಗಿದ್ದು, ಒಂದನ್ನೂ ಮುಚ್ಚಿಟ್ಟಿರಲಿಲ್ಲ. ನಾಲ್ಕನೇ ಪುಟದಲ್ಲಂತೂ ತನ್ನ ಮಾನವನ್ನು ತಾನೇ ಹರಾಜಿಗಿಟ್ಟಿದ್ದ. ಪೈಥಾನ್ ಎಂಬ ಕೋಡಿಂಗ್ ಭಾಷೆಯಲ್ಲಿ ಒಂದು ಲಕ್ಷವನ್ನು ಕಚೇರಿಯ ಅಭ್ಯಾಸದಂತೆ ಕಾಮಾ ಹಾಕಿ 1,00,000 ಎಂದು ಬರೆದಿದ್ದನಂತೆ. ಕಂಪ್ಯೂಟರು ತಪ್ಪು ಎಂದೂ ಹೇಳದೆ, ಒಂದು, ಸೊನ್ನೆ, ಸೊನ್ನೆ ಎಂದು ಅದನ್ನು ಮೂರು ಬೇರೆ ಬೇರೆ ಸಂಖ್ಯೆಯಾಗಿ ಓದಿಕೊಂಡಿತಂತೆ. ಮೂರು ದಿನ ತಲೆ ಕೆರೆದುಕೊಂಡನಂತೆ.

ಶನಿವಾರದ ಹೊತ್ತಿಗೆ ಆರುನೂರು ಲೈಕು. ಅದಕ್ಕಿಂತ ಹೆಚ್ಚಾಗಿ, ಶ್ರೀನಿವಾಸಮೂರ್ತಿಯವರು "ಬಹಳ ಚೆನ್ನಾಗಿದೆ" ಎಂದು ಕಾಮೆಂಟ್ ಹಾಕಿದ್ದರು. ಇಪ್ಪತ್ತು ವರ್ಷದಲ್ಲಿ ಆ ಬಾಯಿಂದ ಒಂದು ಒಳ್ಳೆಯ ಮಾತು ಬಿದ್ದಿರಲಿಲ್ಲ. ಶಂಕರನಾರಾಯಣ ಅದನ್ನು ಹೆಂಡತಿ ವಿಮಲಾಗೆ ಮೂರು ಸಲ ತೋರಿಸಿದ. ನಾಲ್ಕನೇ ಸಲಕ್ಕೆ ಅವಳು ಒಲೆಯ ಮೇಲೆ ಹಾಲಿದೆ ಎಂದು ಎದ್ದುಹೋದಳು.

ಭಾನುವಾರ ಇಬ್ಬರೂ ಭದ್ರಾವತಿಗೆ ಹೋದರು. ಬೀರಪ್ಪ ಕರೆದಿದ್ದ. ಶಂಕರನಾರಾಯಣನ ಜೊತೆ ಬಿ.ಕಾಂ. ಓದಿದವನು, ಈಗ ಅಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಅಕೌಂಟೆಂಟ್. ಬೀರಪ್ಪನ ಹೆಂಡತಿ ಹೂವಮ್ಮ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ಬೀರಪ್ಪ ಒಂದು ಕವರ್ ತಂದಿಟ್ಟ.

"ರಾಜೀನಾಮೆ ಕಣೋ. ನಾಳೆ ಕೊಡ್ತೀನಿ," ಎಂದ. "ಎರಡು ವರ್ಷದಿಂದ ಧೈರ್ಯ ಬರ್ತಿರ್ಲಿಲ್ಲ. ನಿನ್ನ ಪೋಸ್ಟ್ ನೋಡಿ ಬಂತು. ನಾನೂ ಕೋಡಿಂಗ್ ಕಲೀತೀನಿ. ಹದಿನೈದು ತಿಂಗಳು ಮನೆ ನಡೆಯೋಷ್ಟು ಕೂಡಿಟ್ಟಿದೀನಿ. ನಿಂಗೆ ಹದಿನಾಲ್ಕು ಹಿಡೀತು. ನಂಗೆ ಒಂದು ತಿಂಗಳು ಜಾಸ್ತಿನೇ ಇರ್ಲಿ."

ಶಂಕರನಾರಾಯಣನಿಗೆ ಖುಷಿಯೋ ಖುಷಿ. ತನ್ನಿಂದ ಒಬ್ಬನ ಬದುಕು ಬದಲಾಗುತ್ತಿದೆ ಎಂದರೆ ಸುಮ್ಮನೆಯೇ? ಬಜ್ಜಿ ಕಚ್ಚಿ, "ಕೊಡು ಮಾರಾಯ, ನಾನಿದೀನಿ" ಎಂದೇಬಿಟ್ಟ.

ಹೂವಮ್ಮನ ಮುಖದಲ್ಲಿ ಮಾತ್ರ ಖುಷಿ ಇರಲಿಲ್ಲ. ಅವಳು ವಿಮಲಾಳ ಪಕ್ಕ ಕೂತು ಮೆಲ್ಲಗೆ ಕೇಳಿದಳು. "ಅಕ್ಕಾ, ಆ ಹದಿನಾಲ್ಕು ತಿಂಗಳು ಹೆಂಗೆ ಕಳೆದ್ರಿ?"

"ಹದಿನಾಲ್ಕಾ?" ವಿಮಲಾ ಗಂಡನ ಕಡೆ ತಿರುಗಿದಳು. "ರೀ, ಆ ಲ್ಯಾಪ್‌ಟಾಪ್ ಗಲಾಟೇಲೇ ಎರಡು ಯುಗಾದಿ, ಎರಡು ದೀಪಾವಳಿ ಕಳೆದ್ವಲ್ಲ. ಹದಿನಾಲ್ಕು ತಿಂಗಳಲ್ಲಿ ಅಷ್ಟೆಲ್ಲ ಹಬ್ಬ ಎಲ್ಲಿಂದ ಬರುತ್ತೆ?"

"ಎಣಿಸಿದೀನಿ ಕಣೇ. ನೋಟ್‌ಬುಕ್ ಇದೆ."

"ಶುರು ಮಾಡಿದ್ದು ಇಪ್ಪತ್ತೆರಡರ ಜೂನ್. ಕೆಲಸ ಸಿಕ್ಕಿದ್ದು ಇಪ್ಪತ್ನಾಲ್ಕರ ಆಗಸ್ಟ್. ನಿಮ್ಮ ನೋಟ್‌ಬುಕ್ ಏನಾದ್ರೂ ಹೇಳ್ಲಿ."

ಶಂಕರನಾರಾಯಣ ಬೆರಳು ಮಡಚಿದ. ಇಪ್ಪತ್ತಾರು ತಿಂಗಳು. ಕೈಯಲ್ಲಿದ್ದ ಬಜ್ಜಿಯನ್ನು ತಟ್ಟೆಗೆ ಇಟ್ಟ.

ಆಗಿದ್ದಿಷ್ಟೇ. ವ್ಯವಹಾರ ನಡೆಯದ ತಿಂಗಳನ್ನು ಪಟ್ಟಿಗೆ ತರುವ ಅಭ್ಯಾಸ ಅವನಿಗಿರಲಿಲ್ಲ. ನಮೂದು ಇಲ್ಲದಿದ್ದರೆ ಸಾಲು ಇಲ್ಲ. ಓದಿದ ತಿಂಗಳಿಗೆ ಪುಟ ತೆರೆದಿದ್ದ, ಓದದ ತಿಂಗಳಿಗೆ ಪುಟವೇ ಇರಲಿಲ್ಲ. ಮಾರ್ಚ್ ಬಂತೆಂದರೆ ಆಡಿಟ್ ಕಚೇರಿಯವರಿಗೆ ಉಸಿರಾಡಲೂ ಬಿಡುವಿಲ್ಲ. ಎರಡು ವರ್ಷವೂ ಮಾರ್ಚ್, ಏಪ್ರಿಲ್ ಹೋದವು. ತೆರಿಗೆ ರಿಟರ್ನ್ಸ್ ಕಾಲಕ್ಕೆ ಮೊದಲ ವರ್ಷ ಎರಡು ತಿಂಗಳು, ಮರುವರ್ಷ ನಾಲ್ಕು. ಇಂಟರ್‌ವ್ಯೂ ಕೈಕೊಟ್ಟ ವರ್ಷದ ಕೊನೆಯ ಎರಡು ತಿಂಗಳಂತೂ ಕೆಲಸದ ನೆವವೂ ಇರಲಿಲ್ಲ. ನನ್ನ ಕೈಲಾಗದು ಎಂದು ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಮತ್ತೆ ಜನವರಿಯಲ್ಲಿ ತೆಗೆದಾಗ ಕಲಿತದ್ದರಲ್ಲಿ ಅರ್ಧ ಮರೆತುಹೋಗಿತ್ತು.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆದರೂ ಸುಳ್ಳು ಸುಳ್ಳೇ ಅಲ್ಲವೇ? ಅವನಿಗೆ ನಾಚಿಕೆಯಾಯಿತು.

"ಬೀರಪ್ಪ, ಆ ಕವರ್ ಒಳಗಿಡು," ಎಂದ. "ನನ್ನ ಲೆಕ್ಕ ತಪ್ಪಿದೆ. ಇಪ್ಪತ್ತಾರು ತಿಂಗಳು. ಅದೂ ಕೆಲಸ ಬಿಡದೆ."

ಬೀರಪ್ಪ ಕವರ್ ಮುಟ್ಟಲಿಲ್ಲ. ಹೂವಮ್ಮನೇ ಕವರ್ ಎತ್ತಿಕೊಂಡು ಹೋದಳು. ವಾಪಸ್ ಬರುವಾಗ ಇನ್ನೊಂದು ತಟ್ಟೆ ಬಜ್ಜಿ ತಂದಳು.

ಶಂಕರನಾರಾಯಣ ಅಲ್ಲಿಂದಲೇ ರಕ್ಷಾಗೆ ಫೋನ್ ಮಾಡಿದ.

"ಸರ್, ಪೋಸ್ಟ್ ಆದ್ಮೇಲೆ ಪುಟ ಬದಲಾಯಿಸೋಕೆ ಬರಲ್ಲ," ಎಂದಳು ಅವಳು. "ಮೇಲಿನ ಬರಹ ಬೇಕಾದ್ರೆ ತಿದ್ದಬಹುದು. ಪುಟ ಬದಲಾಗ್ಬೇಕು ಅಂದ್ರೆ ಪೂರ್ತಿ ಡಿಲೀಟ್ ಮಾಡಿ ಹೊಸದಾಗಿ ಹಾಕ್ಬೇಕು. ಲೈಕು, ಕಾಮೆಂಟು ಎಲ್ಲ ಹೋಗುತ್ತೆ. ಮೇಲಿನ ಬರಹದಲ್ಲೇ ಒಂದು ಸಾಲು ಸೇರಿಸಿದ್ರೆ ಸಾಲ್ದಾ?"

ಶ್ರೀನಿವಾಸಮೂರ್ತಿಯವರ "ಬಹಳ ಚೆನ್ನಾಗಿದೆ" ಕಣ್ಣ ಮುಂದೆ ಬಂತು. ಕಳೆದುಕೊಳ್ಳಲು ಮನಸ್ಸು ಬರಲಿಲ್ಲ, ಸುಳ್ಳೇಕೆ. ಎದುರಿಗೆ ಬೀರಪ್ಪ ತಲೆ ತಗ್ಗಿಸಿ ಮಂಡಕ್ಕಿ ಆರಿಸುತ್ತಿದ್ದ.

"ಸಾಲಲ್ಲ ಕಣಮ್ಮ. ಡಿಲೀಟ್ ಮಾಡು."

ಸೋಮವಾರ ಹೊಸ ಕ್ಯಾರೊಸೆಲ್ ಹೊರಟಿತು. ಪುಟ ಹನ್ನೊಂದು. ಮೊದಲ ಪುಟದಲ್ಲಿ ಇಪ್ಪತ್ತಾರು ತಿಂಗಳು ಎಂದಿತ್ತು. ಹೊಸ ಪುಟದಲ್ಲಿ ಹನ್ನೆರಡು ಖಾಲಿ ತಿಂಗಳ ಹೆಸರು, ಒಂದೊಂದರ ಎದುರು ಕಾರಣ. ಲ್ಯಾಪ್‌ಟಾಪಿಗೆ ಬೀಗ ಹಾಕಿದ್ದ ಎರಡು ತಿಂಗಳ ಎದುರು "ಕೈಚೆಲ್ಲಿ ಕೂತಿದ್ದೆ" ಎಂದು ಬರೆಸಿದ್ದ. ಲೈಕು ಎಪ್ಪತ್ತು ದಾಟಲಿಲ್ಲ. ಶ್ರೀನಿವಾಸಮೂರ್ತಿಯವರು ಎರಡನೇ ಸಲ ಹೊಗಳುವ ಜಾತಿಯವರಲ್ಲ. ವಿಮಲಾ ಮಾತ್ರ ಪೂರ್ತಿ ಓದಿ, "ನಾನು ಕಂಡ ತಿಂಗಳೆಲ್ಲ ಬಂತು. ಈಗ ನಾನೂ ಇದ್ದೀನಿ ಇದರಲ್ಲಿ" ಎಂದಳು. ಅವನಿಗೆ ಅಷ್ಟು ಸಾಕಾಯಿತು.

ಬೀರಪ್ಪನ ಸುದ್ದಿಯಿರಲಿಲ್ಲ. ಸಿಟ್ಟಾದನೋ, ಆಸೆಯನ್ನೇ ಬಿಟ್ಟನೋ ಎಂದು ಶಂಕರನಾರಾಯಣ ಒಳಗೊಳಗೇ ಬೇಯುತ್ತಿದ್ದ. ಮೂರು ವಾರದ ಮೇಲೆ ಒಂದು ದಿನ, ಬೆಳಿಗ್ಗೆ ಐದೂಕಾಲಿಗೆ ಫೋನ್ ಬಡಿದುಕೊಂಡಿತು.

"ಶಂಕರ, ಇದೇನೋ ಇದು? ಒಂದು ಲಕ್ಷ ಅಂತ ಬರೆದ್ರೆ ಒಂದು, ಸೊನ್ನೆ, ಸೊನ್ನೆ ಅಂತ ತೋರಿಸ್ತಿದೆ."

ಶಂಕರನಾರಾಯಣ ಹಾಸಿಗೆಯ ಮೇಲೆ ಎದ್ದು ಕೂತು ನಕ್ಕ. ನಗು ನಿಲ್ಲಲೇ ಇಲ್ಲ.

"ನಾಲ್ಕನೇ ಪುಟದಲ್ಲಿ ಬರೆದಿದೀನಲ್ಲೋ. ಓದ್ಲಿಲ್ವಾ?"

"ನಾನು ಮೊದಲನೇದು, ಕೊನೇದು ಓದಿದ್ದೆ. ನಡುವಿಂದೆಲ್ಲ ಯಾರು ಓದ್ತಾರೆ? ಬೇಗ ಹೇಳು ಮಾರಾಯ, ಎಂಟೂವರೆಗೆ ಫ್ಯಾಕ್ಟರಿಲಿರಬೇಕು."