“ಪ್ರಾಮಾಣಿಕ” ಕ್ಷಮೆ

ನೆವಿಲ್ ಸಗ್ಡನ್‌ಗೆ ತನ್ನ ಪತ್ರಗಳ ಬಗ್ಗೆ ಒಂದಿಷ್ಟು ಜಂಬವೇ ಇತ್ತು. ಯಾರ್ಕ್‌ಷೈರಿನ ಗುಡ್ಡಗಳ ನಡುವಿನ ಆಕರ್‌ಲಿ ಪಟ್ಟಣ ಸಭೆಯ ಗುಮಾಸ್ತ ಅವನು. ಬೇಲಿ ಎತ್ತರವಾಯಿತು, ನಾಯಿ ಕಂಡಲ್ಲಿ ಹೊಲಸು ಮಾಡಿತು, ಬೀದಿದೀಪ ಮಿಣುಕುತ್ತಿದೆ ಎಂದು ಊರಿನವರು ತಕರಾರು ಬರೆದರೆ ಅದಕ್ಕೆಲ್ಲ ಉತ್ತರ ಬರೆಯುವವನು ಅವನೊಬ್ಬನೇ. ಹೇಗೋ ಗೀಚಿ ಕಳಿಸುವ ಜಾತಿಯವನಲ್ಲ. ಪ್ರತಿ ಸಾಲನ್ನೂ ಮನಸ್ಸಿನಲ್ಲೇ ಎರಡು ಸಲ ಓದಿಕೊಂಡು ನೋಡುತ್ತಿದ್ದ.

ಹಾಗೆ ಓದಿಕೊಂಡದ್ದೇ ಎಡವಟ್ಟಾಯಿತು ಅನ್ನಿ. ಅವನು ಕೆಲಸ ಕಲಿತದ್ದು ಟೈಪ್‌ರೈಟರಿನ ಮೇಲೆ. ಆ ಯಂತ್ರದಲ್ಲಿ ಅಕ್ಷರ ದಪ್ಪ ಮಾಡಲು ಬರುತ್ತಿರಲಿಲ್ಲ. ಆದ್ದರಿಂದ ಒತ್ತಿ ಹೇಳಬೇಕಾದ ಪದವನ್ನು ಉದ್ಧರಣ ಚಿಹ್ನೆಯೊಳಗೆ ಕೂರಿಸುವುದನ್ನು ರೂಢಿ ಮಾಡಿಕೊಂಡಿದ್ದ. ಉಸಿರು ತೆಗೆದುಕೊಳ್ಳಬೇಕು ಅನ್ನಿಸಿದ ಕಡೆ ಚುಕ್ಕಿಗಳ ಸಾಲು. ಮನಸಾರೆ ಹೇಳಿದ ಮಾತಿನ ಕೊನೆಗೆ ಒಂದು ಆಶ್ಚರ್ಯ ಚಿಹ್ನೆ. ಕಂಪ್ಯೂಟರ್ ಬಂತು, ಇಮೇಲ್ ಬಂತು, ತಲೆಗೂದಲು ಹೋಯಿತು, ಈ ಚಾಳಿ ಮಾತ್ರ ಹೋಗಲಿಲ್ಲ. “ದಯವಿಟ್ಟು” ಕಸವನ್ನು ಡಬ್ಬಿಗೇ ಹಾಕಿ ಎಂದು ಅವನು ಉದ್ಯಾನದಲ್ಲಿ ಹಾಕಿಸಿದ ಫಲಕ ನೋಡಿ ಊರಿನ ಹುಡುಗರು ನಗುತ್ತಿದ್ದರು. ಫಲಕ ಚೆನ್ನಾಗಿದೆ ಅಂತ ನಗುತ್ತಿದ್ದಾರೆ ಎಂದೇ ಅವನು ತಿಳಿದಿದ್ದ.

ಹೀಗಿರುವಾಗ ಸಿರಿಲ್ ಆಕ್ರಾಯ್ಡ್ ತೀರಿಕೊಂಡ. ಊರಿನ ಹಿತ್ತಾಳೆ ವಾದ್ಯಗಳ ಬ್ಯಾಂಡಿನಲ್ಲಿ ಕಾರ್ನೆಟ್ ಊದುತ್ತ ಮುದುಕನಾದವನು. ಅವನ ಮಗಳು ಥೆಲ್ಮಾ ಈಗ ಆ ಬ್ಯಾಂಡಿನ ಮುಖ್ಯಸ್ಥೆ. ನೆವಿಲ್ ಕೂಡ ಅದೇ ಬ್ಯಾಂಡಿನವನೇ, ಹೊಟ್ಟೆ ದೊಡ್ಡದಾದ ಯೂಫೋನಿಯಂ ಅವನ ವಾದ್ಯ. ಅದನ್ನು ಹಿಡಿಯುವುದು ಹೇಗೆಂದು ಹುಡುಗನಾಗಿದ್ದಾಗ ಅವನಿಗೆ ತೋರಿಸಿಕೊಟ್ಟವನು ಸಿರಿಲ್ಲೇ. ಹೆಂಡತಿ ಸತ್ತ ಮೇಲೆ ನೆವಿಲ್‌ಗೆ ಜನರ ಮುಖ ಕಾಣಿಸುವ ಜಾಗ ಎಂದು ಉಳಿದದ್ದು ಬ್ಯಾಂಡಿನ ಅಭ್ಯಾಸವೊಂದೇ.

ಶವಸಂಸ್ಕಾರದಲ್ಲಿ ನುಡಿಸಬೇಕಾದ ಪ್ರಾರ್ಥನಾಗೀತೆಯ ಅಭ್ಯಾಸಕ್ಕೆಂದು ಬ್ಯಾಂಡಿನವರು ಪಟ್ಟಣ ಸಭೆಯ ಸಭಾಂಗಣಕ್ಕೆ ಬಂದರೆ ಒಳಗೆ ಯಾರೋ ಚಾಪೆ ಹಾಸಿಕೊಂಡು ಯೋಗ ಮಾಡುತ್ತಿದ್ದರು. ಪಟ್ಟಣ ಸಭೆಯ ಕಚೇರಿ ಒಂದೇ ಸಂಜೆಯನ್ನು ಇಬ್ಬರಿಗೂ ಕೊಟ್ಟುಬಿಟ್ಟಿತ್ತು. ಬ್ಯಾಂಡಿನವರು ಎದುರಿನ ಪಬ್ಬಿನ ಕಾರು ನಿಲ್ದಾಣದಲ್ಲಿ ಜಿಟಿಜಿಟಿ ಮಳೆಯಲ್ಲೇ ನಿಂತು ಅಭ್ಯಾಸ ಮಾಡಿದರು. ನೆವಿಲ್ ತಲೆ ತಗ್ಗಿಸಿಕೊಂಡು ಅವರ ಜೊತೆಗೇ ನಿಂತು ಊದಿದ. ಮುಂದಿನ ಸಭೆಯಲ್ಲಿ, ಗುಮಾಸ್ತರು ಬ್ಯಾಂಡಿಗೆ ವಿಧ್ಯುಕ್ತವಾಗಿ ಕ್ಷಮೆ ಕೇಳಿ ಬರೆಯತಕ್ಕದ್ದು ಎಂದು ಠರಾವಾಯಿತು. ನೆವಿಲ್ ಬಾಗಿಲು ಹಾಕಿಕೊಂಡು ಕೂತು ಬರೆದ. ಬರೆಯುತ್ತ ಒಮ್ಮೆ ಕಣ್ಣೂ ಒರೆಸಿಕೊಂಡ. ಕಳಿಸಿದ ಮೇಲೆ ಎದೆ ಹಗುರಾಯಿತು.

ಆ ಗುರುವಾರ ಅಭ್ಯಾಸಕ್ಕೆ ಹೋದಾಗ ಯಾರೂ ಅವನನ್ನು ಮಾತಾಡಿಸಲಿಲ್ಲ. ದುಃಖದಲ್ಲಿದ್ದಾರೆ ಪಾಪ ಎಂದುಕೊಂಡ. ನಡುವಿನ ಬಿಡುವಿನಲ್ಲಿ ಎಲ್ಲರ ಕೈಗೂ ಟೀ ಬಂತು, ಅವನ ಕೈಗೆ ಬರಲಿಲ್ಲ. ಯಾರ್ಕ್‌ಷೈರಿನಲ್ಲಿ ಮನುಷ್ಯನಿಗೆ ಟೀ ಕೊಡಲಿಲ್ಲವೆಂದರೆ ಮುಖಕ್ಕೆ ಉಗಿದಂತೆಯೇ. ಇದು ಬರೀ ದುಃಖವಲ್ಲ ಎಂದು ಆಗ ನೆವಿಲ್‌ಗೆ ಹೊಳೆಯಿತು.

ಬ್ಯಾಂಡಿಗೆ ಬಂದ ಪತ್ರವನ್ನು ಟೀ ಹೊತ್ತಿನಲ್ಲಿ ಎಲ್ಲರೆದುರು ಓದಿ, ಏನು ಮಾಡಬೇಕೆಂದು ಕೈ ಎತ್ತಿಸಿ ತೀರ್ಮಾನಿಸುವುದು ಅಲ್ಲಿನ ಪದ್ಧತಿ. ಕಾರ್ಯದರ್ಶಿ ರೋಲಂಡ್ ಸಟ್‌ಕ್ಲಿಫ್ ಇಮೇಲಿನ ಪ್ರತಿಯನ್ನು ಸ್ವರಲಿಪಿ ಇಡುವ ಸ್ಟ್ಯಾಂಡಿನ ಮೇಲಿಟ್ಟು, ಎರಡೂ ಕೈಗಳನ್ನು ಮೇಲೆತ್ತಿ ನಿಂತ. ಅದರಲ್ಲಿ ಇದ್ದದ್ದು ಇಷ್ಟು:

ಮಾನ್ಯ ಶ್ರೀಮತಿ ಥೆಲ್ಮಾ ಆಕ್ರಾಯ್ಡ್ ಅವರಿಗೆ,
ಕಳೆದ ಮಂಗಳವಾರ ತಮಗಾದ “ತೊಂದರೆ”ಗಾಗಿ ಪಟ್ಟಣ ಸಭೆಯು “ಪ್ರಾಮಾಣಿಕ” ಕ್ಷಮೆ ಕೋರುತ್ತದೆ... ಇದು ಸಂಪೂರ್ಣವಾಗಿ ನಮ್ಮ “ತಪ್ಪು”! ತಮ್ಮ ತಂದೆಯವರು ಒಬ್ಬ “ಮಹಾನ್ ಕಲಾವಿದ”....... ಅವರ ಸಾವು ಇಡೀ ಊರಿಗೆ “ನಷ್ಟ”! ಮುಂದೆ ಹೀಗಾಗದಂತೆ ನಾವು “ಎಚ್ಚರ” ವಹಿಸುತ್ತೇವೆ...
ಇಂತಿ ತಮ್ಮ ವಿಶ್ವಾಸಿ,
ನೆವಿಲ್ ಸಗ್ಡನ್, “ಗುಮಾಸ್ತ”

ಉದ್ಧರಣ ಚಿಹ್ನೆ ಬಂದಲ್ಲೆಲ್ಲ ರೋಲಂಡ್ ಎರಡೆರಡು ಬೆರಳನ್ನು ಗಾಳಿಯಲ್ಲಿ ಕೊಂಕಿಸಿದ, ಆ ಮಾತು ಬರೀ ಹೆಸರಿಗೆ ಎಂಬಂತೆ. ಚುಕ್ಕಿ ಬಂದಲ್ಲಿ ಹುಬ್ಬೇರಿಸಿ, ಹೇಳದೆ ಬಿಟ್ಟದ್ದು ಇನ್ನೇನೋ ಇದೆ ಎಂಬಂತೆ ಸುತ್ತ ನೋಡಿದ. ಆಶ್ಚರ್ಯ ಚಿಹ್ನೆಗೆ ಹಲ್ಲು ಕಿರಿದ. ತೊಂದರೆಯಂತೆ, ಪ್ರಾಮಾಣಿಕವಂತೆ, ಮಹಾನ್ ಕಲಾವಿದನಂತೆ! ಹಾಗೆ ಓದಿದರೆ ಆ ಪತ್ರದಷ್ಟು ಕೊಳಕಾದದ್ದು ಆ ಊರಿನಲ್ಲಿ ಇನ್ನೊಂದಿರಲಿಲ್ಲ. ತಾನೇ ಬರೆದ ಮಾತುಗಳು ತನ್ನನ್ನೇ ಅಣಕಿಸುವುದನ್ನು ನೆವಿಲ್ ಬಾಯಿ ತೆರೆದುಕೊಂಡು ಕೇಳಿದ. ಅವನಿಗೆ ನಾಚಿಕೆಯಾಯಿತು, ಭಯವೂ ಆಯಿತು.

ಥೆಲ್ಮಾ ಅವನ ಕಡೆ ತಿರುಗಲೇ ಇಲ್ಲ. ಪಟ್ಟಣ ಸಭೆಯ ಕ್ರಿಸ್‌ಮಸ್ ದೀಪೋತ್ಸವಕ್ಕೆ ಈ ಸಲ ನುಡಿಸುವುದಿಲ್ಲ, ನೆವಿಲ್ ಬ್ಯಾಂಡು ಬಿಡಬೇಕು, ಒಪ್ಪಿದವರು ಕೈ ಎತ್ತಿ ಎಂದಳು.

“ಒಂದ್ನಿಮಿಷ ಥೆಲ್ಮಾ,” ಎಂದ ನೆವಿಲ್. “ಮೆಂಬರು ಕೇಳಿದ್ರೆ ಕಾಗದ ಇನ್ನೊಂದ್ಸಲ ಓದ್ಬೇಕು ಅಂತ ನಿಯಮ ಇದೆಯಲ್ಲ. ನಾನೇ ಓದ್ತೀನಿ.”

“ಓದಯ್ಯಾ, ಓದು,” ಎಂದ ರೋಲಂಡ್. “ಬೆರಳಾಡ್ಸೋದು ಮಾತ್ರ ಮರೀಬೇಡ.”

ನಿಯಮ ನಿಯಮವೇ, ಥೆಲ್ಮಾ ತಲೆಯಾಡಿಸಿದಳು. ನೆವಿಲ್ ಎದ್ದು ಹೋಗಿ ಕಾಗದ ಕೈಗೆ ತೆಗೆದುಕೊಂಡ. ಸಮಜಾಯಿಷಿ ಏನೂ ಹೇಳಲಿಲ್ಲ, ಸುಮ್ಮನೆ ಓದತೊಡಗಿದ. ಮಾತಾಡುವಾಗ ಅವನದು ನಿಧಾನದ ಧಾಟಿ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ತೊಂದರೆ ಎಂಬಲ್ಲಿ ಒತ್ತಿ ಹೇಳಿದ, ಪ್ರಾಮಾಣಿಕ ಎಂಬಲ್ಲಿ ಇನ್ನಷ್ಟು ಒತ್ತಿದ, ಆಮೇಲೆ ನಿಂತು ಉಸಿರೆಳೆದುಕೊಂಡ. ನಮ್ಮ ತಪ್ಪು ಎನ್ನುವಾಗ ದನಿ ಸ್ವಲ್ಪ ಏರಿತು. ಸ್ವರಲಿಪಿಯ ಹಾಳೆಯ ಮೇಲಿನ ಗುರುತು ನೋಡಿ ಎಲ್ಲಿ ಒತ್ತಬೇಕು, ಎಲ್ಲಿ ನಿಲ್ಲಬೇಕು ಎಂದು ತಿಳಿದು ಊದುವವರೇ ಅಲ್ಲಿ ಕೂತಿದ್ದರು. ಒಬ್ಬೊಬ್ಬರಾಗಿ ಟೀ ಬಟ್ಟಲನ್ನು ಕೆಳಗಿಟ್ಟರು.

“ತಮ್ಮ ತಂದೆಯವರು ಒಬ್ಬ ಮಹಾನ್ ಕಲಾವಿದ,” ಎಂದು ಓದಿ ನೆವಿಲ್ ನಿಂತ. ಒಮ್ಮೆ ಕೆಮ್ಮಿದ, ಕಾಗದವನ್ನು ಕಣ್ಣಿನ ಹತ್ತಿರಕ್ಕೆ ತಂದ, ಮತ್ತೆ ದೂರ ಹಿಡಿದ. ಟೀ ಪಾತ್ರೆ ಕುದಿಯುವ ಸದ್ದೊಂದೇ ಕೇಳುತ್ತಿತ್ತು. ಆಮೇಲೆ ಹೇಗೋ ಉಳಿದದ್ದನ್ನು ಓದಿ ಮುಗಿಸಿದ. ಗುಮಾಸ್ತ ಎಂಬುದನ್ನೂ ಬಿಡದೆ ಒತ್ತಿಯೇ ಹೇಳಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆ ನಗೆಯಲ್ಲಿ ವಿಷ ಇರಲಿಲ್ಲ.

ಥೆಲ್ಮಾ ಬಂದು ಅವನ ಕೈಯಿಂದ ಕಾಗದ ತೆಗೆದುಕೊಂಡು ನೋಡಿದಳು. ಅಪ್ಪನ ಸಾಲಿನ ಮೇಲೆ ಅವಳ ಬೆರಳು ನಿಂತಿತು.

“ಬೇರೆ ಕಡೆಯೆಲ್ಲ ಮೂರೇ ಚುಕ್ಕಿ ಇಟ್ಟಿದ್ದೀಯ. ಇಲ್ಲೇನು ಇಷ್ಟುದ್ದ?”

“ಇಲ್ಲಿ ಮೂರು ಸಾಕಾಗ್ಲಿಲ್ಲ, ಥೆಲ್ಮಾ.”

ಅವಳು ಆ ಚುಕ್ಕಿಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸಿದಳು, ಕೈ ಎತ್ತಿಸುವ ಮಾತನ್ನು ಮತ್ತೆ ತೆಗೆಯಲಿಲ್ಲ. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಹಾಕಿಕೊಂಡಳು. ಬ್ಯಾಂಡಿನ ಪತ್ರಗಳೆಲ್ಲ ಕಾರ್ಯದರ್ಶಿಯ ಕಡತಕ್ಕೆ ಹೋಗಬೇಕು. ರೋಲಂಡ್ ಅದಕ್ಕಾಗಿ ಕೈ ಚಾಚಿದವನು, ಅವಳ ಮುಖ ನೋಡಿ ಕೈ ಹಿಂದಕ್ಕೆಳೆದುಕೊಂಡ.

“ಇದು ನನ್ನ ಹೆಸರಿಗೆ ಬಂದಿರೋ ಕಾಗದ,” ಎಂದಳು ಥೆಲ್ಮಾ.