ಒಡೆಯದ ಗಾಜು

ಎಂಟನೇ ಗೂಡಿನ ಪಕ್ಕದ ಗಾಜು ತೀರಾ ಚೊಕ್ಕಟವಾಗಿತ್ತು. ನನ್ನ ಕಣ್ಣಿಗೆ ಬಿದ್ದದ್ದೇ ಅದರಿಂದ.

ಈ ರೈಲು ಸುರಂಗಕ್ಕೆ ನೂರು ವರ್ಷ ದಾಟಿದೆ. ಗಾಡಿ ಬಂದಾಗ ಆಳುಗಳು ಸರಿದು ನಿಲ್ಲಲೆಂದು ಗೋಡೆಯಲ್ಲಿ ಅಲ್ಲಲ್ಲಿ ಗೂಡು ಬಿಟ್ಟಿದ್ದಾರೆ. ಒಳಗಿನ ಇಟ್ಟಿಗೆ ಗೋಡೆಗೆ ಹಳೆಯ ಎಂಜಿನ್‌ಗಳ ಮಸಿ, ಅದರ ಮೇಲೆ ಜಿನುಗುವ ನೀರು ಬಿಟ್ಟುಹೋದ ಸುಣ್ಣದ ಪೊರೆ. ಬಿರುಕುಗಳ ಮೇಲೆ ಅಡ್ಡಡ್ಡ ಗಾಜಿನ ಪಟ್ಟಿ ಅಂಟಿಸಿರುತ್ತಾರೆ. ಗೋಡೆ ಸರಿದರೆ ಗಾಜು ಒಡೆಯಬೇಕು, ಅದಕ್ಕಿರುವ ಕೆಲಸ ಅದೊಂದೇ. ಉಳಿದ ಗಾಜುಗಳೆಲ್ಲ ಗೋಡೆಯ ಹಾಗೇ ಕಪ್ಪಗಾಗಿದ್ದವು. ಇದನ್ನೂ ಒಂಬತ್ತು ವರ್ಷದ ಹಿಂದೆಯೇ ಹಾಕಿದ್ದೆಂದು ರಿಜಿಸ್ಟರ್ ಹೇಳುತ್ತಿತ್ತು. ನೋಡಿದರೆ ನಿನ್ನೆ ಮೊನ್ನೆ ಅಂಗಡಿಯಿಂದ ತಂದ ಹಾಗಿತ್ತು.

ಪ್ರತಿ ತಿಂಗಳೂ ರಿಜಿಸ್ಟರಿನಲ್ಲಿ 'ಗಾಜು ಸರಿಯಿದೆ' ಎಂದು ಬರೆದವರು ನನ್ನ ಪಕ್ಕದಲ್ಲೇ ದೀಪ ಹಿಡಿದು ನಿಂತಿದ್ದರು. ಗ್ಯಾಂಗಿನ ಮೇಸ್ತ್ರಿ, ನನ್ನ ಸೋದರಮಾವ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿ, ಎಂಜಿನಿಯರಿಂಗ್ ಓದಿಸಿದವರು. ಮೂವತ್ತನಾಲ್ಕು ವರ್ಷ ವಯಸ್ಸಿನ, ತಪಾಸಣಾ ಅಧಿಕಾರಿಯಾದ ನನ್ನನ್ನು ಇಡೀ ಗ್ಯಾಂಗಿನೆದುರು ಪುಟ್ಟಿ ಎಂದು ಕರೆಯುವ ಧೈರ್ಯ ಅವರಿಗೊಬ್ಬರಿಗೇ ಇದ್ದದ್ದು. ಎರಡು ತಿಂಗಳಲ್ಲಿ ಅವರ ನಿವೃತ್ತಿ.

"ಮಾವ, ಈ ಗಾಜು ಯಾವಾಗ ಹಾಕಿದ್ದು?"

"ಹೋದ ತಿಂಗಳು. ಹಳೇದು ಒಡೆದಿತ್ತು."

"ಒಡೆದಿತ್ತಾ?"

"ಗಾಡಿ ಅದುರಾಟಕ್ಕೆ ಒಡೆಯುತ್ತೆ ಪುಟ್ಟಿ. ನನ್ನ ಸೆಕ್ಷನ್ನಲ್ಲಿ ಒಡೆದ ಸಾಮಾನು ಇಟ್ಕೊಂಡು ಯಾರ ಹತ್ರಾನೂ ಮಾತು ಕೇಳಿಲ್ಲ ನಾನು. ಆಗಿಂದಾಗ್ಲೇ ಹೊಸದು ಹಾಕಿಬಿಡ್ತೀನಿ." ಹೇಳುವಾಗ ಅವರ ಎದೆ ಉಬ್ಬಿತ್ತು.

"ಎಷ್ಟು ಸಲ ಹಾಕಿದ್ದೀರಿ?"

"ಪೆಟ್ಟಿಗೇಲಿ ಹನ್ನೆರಡಿತ್ತು. ಈಗೊಂದು ಉಳಿದಿದೆ."

ನನಗೆ ಸಿಟ್ಟು ಬರಬೇಕಿತ್ತು, ಇಲ್ಲವೇ ಅಳು. ಎರಡೂ ಬರಲಿಲ್ಲ. ಕೈ ತನ್ನ ಪಾಡಿಗೆ ಸುತ್ತಿಗೆಯಿಂದ ಗೋಡೆ ತಟ್ಟುತ್ತ ಹೋಯಿತು. ಬಿರುಕಿನ ಮೇಲ್ಗಡೆ ಎರಡು ಮಾರಿನಷ್ಟು ಜಾಗ ಪೊಳ್ಳು ಸದ್ದು ಕೊಟ್ಟಿತು. ಬಿರುಕಿನ ಅಗಲ ಮೂರು ಮಿಲಿಮೀಟರ್, ಉದ್ದ ಹದಿನಾಲ್ಕು ಮೀಟರ್. ನೀರು ಹೊರಬರಲೆಂದು ಬಿಟ್ಟಿದ್ದ ತೂತುಗಳು ಸುಣ್ಣ ಕಟ್ಟಿ ಮುಚ್ಚಿಹೋಗಿದ್ದವು. ಹಾಗಾಗಿ ನೀರು ಬಿರುಕಿನಿಂದಲೇ ಬರುತ್ತಿತ್ತು, ನಿಮಿಷಕ್ಕೆ ನಲವತ್ತು ಹನಿ. ಸದ್ಯಕ್ಕೆ ತಿಳಿಯಾಗಿತ್ತು, ಗೋಡೆಯ ಹಿಂದಿನ ಮಣ್ಣು ಇನ್ನೂ ಕೊಚ್ಚಿ ಬರುತ್ತಿರಲಿಲ್ಲ. ಎಲ್ಲವನ್ನೂ ಬರೆದುಕೊಂಡೆ.

ಆ ಸಂಜೆ ಅವರ ಮನೆಯಲ್ಲೇ ಊಟ. ಅತ್ತೆ ಬಡಿಸಿ ಒಳಗೆ ಹೋದರು. ಮಾವ ತಟ್ಟೆ ನೋಡುತ್ತ ಕೇಳಿದರು, "ಬರೀತೀಯಾ?"

"ನಿಮ್ಮ ಹೆಸರು ಹಾಕಲ್ಲ ಮಾವ."

"ಆ ರಿಜಿಸ್ಟರ್ ಬರೆಯೋನು ನಾನೊಬ್ನೇ ಅಲ್ವೇನಮ್ಮ?"

ನಾನು ಅನ್ನ ಕಲಸಿದೆ. ಗಾಜು ಬದಲಾದದ್ದನ್ನು ಬರೆಯದಿದ್ದರೆ ದಾಖಲೆಯ ಪ್ರಕಾರ ಬಿರುಕು ಒಂಬತ್ತು ವರ್ಷದಿಂದ ಅಲುಗಾಡಿಲ್ಲ. ಮುಂದಿನ ತಪಾಸಣೆ ಬರುವ ವರ್ಷ. ಮಾವ ಹಾರ ಹಾಕಿಸಿಕೊಂಡು ಮನೆಗೆ ಬರಬಹುದು. ದಿನಕ್ಕೆ ಹದಿನಾರು ಗಾಡಿ ಆ ಬಿರುಕಿನ ಕೆಳಗೇ ಹೋಗುತ್ತವೆ.

"ಮೂವತ್ತೊಂದು ವರ್ಷ ಒಂದು ಮೆಮೋ ಇಲ್ಲ ನಂಗೆ," ಎಂದರು. ಕೈ ತೊಳೆಯಲು ಎದ್ದರು.

ಮಾರನೆಯ ಬೆಳಿಗ್ಗೆ ಕಚೇರಿಯಲ್ಲಿ ವರದಿ ಬರೆದೆ. 'ಗಾಜಿನ ಪಟ್ಟಿ ಹನ್ನೊಂದು ಬಾರಿ ಒಡೆದು, ದಾಖಲಾಗದೆ ಬದಲಾಗಿದೆ. ಬಿರುಕು ಸ್ಥಿರವೆಂಬ ಒಂಬತ್ತು ವರ್ಷಗಳ ನಮೂದುಗಳನ್ನು ಪರಿಗಣಿಸುವಂತಿಲ್ಲ. ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರಿಗೆ ಇಳಿಸುವುದು. ಬಿರುಕಿನ ಎರಡೂ ಬದಿ ಉಕ್ಕಿನ ಮೊಳೆ ಕೂರಿಸಿ ಅಂತರವನ್ನು ದಿನವೂ ಅಳೆಯುವುದು. ನೀರಿನ ತೂತುಗಳನ್ನು ಬಿಡಿಸುವುದು. ನೀರು ಕದಡಿ ಬಂದರೆ ತಕ್ಷಣ ತಿಳಿಸುವುದು.' ಒಬ್ಬ ಮನುಷ್ಯನ ಒಂಬತ್ತು ವರ್ಷ ಅಳಿಸಲು ಎರಡೇ ವಾಕ್ಯ ಸಾಕಾಯಿತು. ಸಹಿ ಮಾಡಿ ಮೇಲಿನ ಕಚೇರಿಗೆ ಕಳಿಸಿದೆ.

ಮಾವನಿಗೆ ಮೆಮೋ ಬಂತು. ಅತ್ತೆ ನನ್ನ ಫೋನ್ ಎತ್ತುವುದನ್ನು ಬಿಟ್ಟರು. ಆ ಸೆಕ್ಷನ್ನಿಗೆ ಬೇರೆ ಮೇಸ್ತ್ರಿ ಇಲ್ಲದ ಕಾರಣ ದಿನದ ಅಳತೆ ಮಾವನ ಪಾಲಿಗೇ ಬಂತು. ತಾರೀಕಿಲ್ಲದ ಗಾಜನ್ನು ತೆಗೆದು, ಉಳಿದಿದ್ದ ಹನ್ನೆರಡನೇ ಗಾಜನ್ನು ನನ್ನೆದುರಿಗೇ ಅಂಟಿಸಿ, ತಾರೀಕು ಬರೆದು ಹೊರಟುಹೋದರು.

ಹದಿಮೂರನೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಅವರ ಫೋನ್ ಬಂತು.

"ಮೇಡಂ, ಎಂಟನೇ ಗೂಡಿನಿಂದ ಮಾತಾಡ್ತಿದ್ದೀನಿ," ಎಂದರು.

ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

"ಹೇಳಿ ಮಾವ."

"ಮೊಳೆ ಅಂತರ ನಿನ್ನೆಗಿಂತ ಎರಡು ಮಿಲಿಮೀಟರ್ ಜಾಸ್ತಿ ಆಗಿದೆ. ನೀರು ಮಣ್ಣು ಬಣ್ಣ ಬರ್ತಿದೆ. ಎರಡೂ ಕಡೆ ಕೆಂಪು ಬಾವುಟ ಕೊಟ್ಟು ಆಳು ನಿಲ್ಲಿಸಿದ್ದೀನಿ, ನೀವು ಕಂಟ್ರೋಲಿಗೆ ಹೇಳಿ ಗಾಡಿ ನಿಲ್ಲಿಸಿ."

ಇನ್ನೊಂದು ಫೋನೆತ್ತಿ ಹೇಳಿದೆ. ಹತ್ತು ಗಂಟೆಯ ಪ್ಯಾಸೆಂಜರ್ ಹಿಂದಿನ ನಿಲ್ದಾಣದಲ್ಲೇ ನಿಂತಿತು. ಮಾವ ಇನ್ನೂ ಲೈನಿನಲ್ಲಿದ್ದರು. ಅವರ ಹಿಂದೆ ನೀರು ಬೀಳುವ ಸದ್ದು ಕೇಳುತ್ತಿತ್ತು.

"ನಿಲ್ಲಿಸಿದ್ದಾರೆ ಮಾವ. ನೀವು ಮೊದಲು ಹೊರಗೆ ಬನ್ನಿ."

"ಬರ್ತೀನಿ." ಜಲ್ಲಿಯ ಮೇಲೆ ಎರಡು ಹೆಜ್ಜೆ ಕೇಳಿ ನಿಂತವು. "ಗಾಜು ಒಡೆದಿದೆ ಮೇಡಂ. ನಾನು ಮುಟ್ಟಿಲ್ಲ."